ಬೋಂಡಾ, ವಿಡಿಯೊ ಮಾಡೋಕೆ ಮುಂಚೆ ಇದನ್ನೋದು

ಲೋ ಬೋಂಡಾ,

ಘಟಿಕೋತ್ಸವದ ದಿನ ಅಪ್ಪ-ಅಮ್ಮನಿಗೆ ಥ್ಯಾಂಕ್ಸ್ ಹೇಳೋ ವಿಡಿಯೊ ಮಾಡ್ತೀನಿ, ಹೇಗೆ ಮಾಡ್ಲಿ ಅಂದೆಯಲ್ಲ. ಎಲ್ಲರೂ ನೋಡ್ಲಿ ಅಂತ ಇಲ್ಲೇ ಬರೀತಿದೀನಿ. ಆ ಮೂರನೇ ಬೆಂಚಿನ ವಿಷಯ ಮಾತ್ರ ಎತ್ತಲ್ಲ, ಹೆದರಬೇಡ.

ಕ್ರಾಫರ್ಡ್ ಹಾಲ್ ಮುಂದೆ ನಿಂತು ಮಾತಾಡಬೇಡ. ಮಧ್ಯಾಹ್ನದ ಬಿಸಿಲಿಗೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತೆ, ಗದ್ದಲದಲ್ಲಿ ಮಾತೂ ಮುಳುಗುತ್ತೆ. ಅಲ್ಲಿ ಫೋಟೊ ತೆಗೆಸ್ಕೊಂಡು ಕುಕ್ಕರಹಳ್ಳಿ ಕೆರೆ ಕಡೆ ಯಾವುದಾದ್ರೂ ದೊಡ್ಡ ಮರದ ಕೆಳಗೆ ಹೋಗು. ನೆರಳು ಇಡಿಯಾಗಿರಲಿ, ಎಲೆ ಸಂದಿಯಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಮುಖಕ್ಕೆ ಬೀಳಬಾರದು.

ಚಿತ್ರ ಸ್ವಲ್ಪ ಮಬ್ಬಾದ್ರೆ ನಡೆಯುತ್ತೆ, ದನಿ ಕೆಟ್ಟರೆ ಯಾರೂ ಕೊನೇವರೆಗೆ ಕೇಳಲ್ಲ. ಮೈಕ್ ಇರೋ ವೈರ್ ಇಯರ್‌ಫೋನ್ ಫೋನಿಗೆ ಹಾಕಿ, ಮೈಕನ್ನ ಗದ್ದದಿಂದ ಒಂದು ಗೇಣು ಕೆಳಗೆ ಗೌನಿನ ಮೇಲೆ ಪಿನ್ ಮಾಡು. ಒಳಗೆ ಸಿಕ್ಕಿಸಿದ್ರೆ ಬಟ್ಟೆ ಉಜ್ಜೋ ಸದ್ದು ಬರುತ್ತೆ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕೇಳ್ಕೊಂಡ ಮೇಲೇ ಶುರು ಮಾಡು. ಎಲ್ಲ ಸೇರಿ ಒಂದೂವರೆ ನಿಮಿಷ ಸಾಕು.

ಇನ್ನು ಮಾತು. 'ಕಷ್ಟಪಟ್ಟು ಓದಿಸಿದ್ರು' ಅಂದ್ರೆ ಯಾರ ಅಪ್ಪನಿಗೂ ಹೊಂದುತ್ತೆ. ನಿಮ್ಮಪ್ಪ ಗಾರೆ ಕೆಲಸದವರು, ಅಮ್ಮ ಗಾರ್ಮೆಂಟ್ಸಿಗೆ ಹೋಗೋರು. 'ಅಪ್ಪ, ನೀನು ಕಟ್ಟಿದ ಕಾಲೇಜುಗಳ ಲೆಕ್ಕ ನಂಗೊತ್ತಿಲ್ಲ, ಒಳಗೆ ಕೂತು ಓದಿದ್ದು ಮಾತ್ರ ನಾನು' ಅನ್ನು. ಅಮ್ಮನಿಗೆ ಅವಳ ಓಟಿ ದುಡ್ಡು ಯಾವ ಸೆಮಿಸ್ಟರ್ ಫೀಸಿಗೆ ಹೋಯ್ತು ಅನ್ನೋದನ್ನ ಹೇಳು. ಮನೇಲಿ ಮಾತಾಡೋ ಹಾಗೇ ಮಾತಾಡು, ಬರೆದಿಟ್ಟು ಓದಬೇಡ. ಆಮೇಲೆ ಐದು ಸೆಕೆಂಡ್ ಅಪ್ಪನ ಕೈ ಹತ್ತಿರದಿಂದ ತೆಗಿ. ಉಗುರಿನ ಅಂಚಲ್ಲಿ ಸಿಮೆಂಟು ಇರುತ್ತೆ, ಹಬ್ಬದ ಸ್ನಾನಕ್ಕೂ ಹೋಗಿರಲ್ಲ.

ಇಲ್ಲೇ ಒಂದು ಕಸಿವಿಸಿ. ಆ ಕೈ ಅವರದು, ಆ ಸಾಲ, ಅಡವಿಟ್ಟ ಓಲೆ ಅವರ ಗುಟ್ಟು. ಊರೆಲ್ಲ ನೋಡಿದ ಮೇಲೆ ಅಪ್ಪ ನಾಳೆ ಮೇಸ್ತ್ರಿ ಮುಂದೆ ನಿಲ್ಲಬೇಕು. ಹಾಕೋಕೆ ಮುಂಚೆ ಅವರಿಬ್ಬರಿಗೂ ತೋರಿಸು. ಅಮ್ಮ ಸೆರಗು ಸರಿ ಮಾಡ್ಕೊಂಡು 'ಆಯ್ತು ಬಿಡು' ಅಂದ್ರೆ ಅದು ಒಪ್ಪಿಗೆ ಅಂದ್ಕೋಬೇಡ. 'ಯಾವುದನ್ನ ತೆಗೀಲಿ?' ಅಂತ ಕೇಳು.

ನಮ್ಮ ಮನೆಗಳಲ್ಲಿ ಥ್ಯಾಂಕ್ಸ್ ಅನ್ನೋ ಪದವೇ ಇಲ್ಲ ಕಣೋ. ಕ್ಯಾಮೆರಾ ಎದುರಿಗೆ ಸಲೀಸಾಗಿ ಬರುತ್ತೆ, ಅಪ್ಪನ ಮುಖ ನೋಡಿದ್ರೆ ಗಂಟಲು ಕಟ್ಟುತ್ತೆ. ನಾನಂತೂ ಇವತ್ತಿನವರೆಗೆ ಹೇಳಿಲ್ಲ. ನಿನಗೆ ಇಷ್ಟುದ್ದ ಪಾಠ ಹೇಳ್ತಿರೋದೂ ಅದಕ್ಕೇ ಇರಬೇಕು.

ಸರಿ, ಅತಿಯಾಯ್ತು. ವಾಟ್ಸಾಪಲ್ಲಿ ಕಳಿಸೋವಾಗ ಡಾಕ್ಯುಮೆಂಟ್ ಆಗಿ ಕಳಿಸು, ಇಲ್ದಿದ್ರೆ ನಿನ್ನ ಮುಖ ಇರೋದಕ್ಕಿಂತ ಕೆಟ್ಟದಾಗಿ ಕಾಣುತ್ತೆ. ಬಾಡಿಗೆ ಗೌನು ಸಂಜೆಯೊಳಗೆ ವಾಪಸ್ ಕೊಡು. ಡೆಪಾಸಿಟ್ ಹೋದ್ರೆ ನನ್ನ ಕೇಳಬೇಡ, ಆ ಇನ್ನೂರು ರೂಪಾಯಿನೇ ಇನ್ನೂ ಬಂದಿಲ್ಲ.

ನಿನ್ನ,
ಮೊಟ್ಟೆ