ವಿಷಯ: ನಮ್ಮ ಡೆಕ್‌ನಿಂದ ಮಾಡಿಕೊಟ್ಟ ಇಬ್ಬರ ಪಾಡ್‌ಕಾಸ್ಟ್ ಬಗ್ಗೆ ದೂರು

ಮಾನ್ಯರೆ,

ನಮ್ಮ 18 ಸ್ಲೈಡ್‌ಗಳ ಡೆಕ್‌ನ ಮುಖ್ಯ ಅಂಶಗಳನ್ನು ಇಬ್ಬರು ಆರಾಮಾಗಿ ಮಾತಾಡಿಕೊಳ್ಳುವ ಹಾಗೆ ಆಡಿಯೊ ಮಾಡಿಕೊಡಿ ಎಂದು ಕೇಳಿದ್ದೆ. ಮೀಟಿಂಗ್‌ಗೆ ಬರಲಾಗದ ಸಹೋದ್ಯೋಗಿಗಳು ಓಡಾಡುತ್ತಾ ಕೇಳಲಿ ಅಂತ. ನೀವು ಕಳಿಸಿದ 10 ನಿಮಿಷದ ಆಡಿಯೊವನ್ನು ಎರಡು ಸಲ ಕೇಳಿದೆ. ದನಿಗಳು ಚೆನ್ನಾಗಿವೆ, ಅದರಲ್ಲಿ ತಕರಾರಿಲ್ಲ. ಆದರೆ ಅದನ್ನು ಯಾರಿಗೂ ಕೇಳಿಸುವ ಹಾಗಿಲ್ಲ.

ಏಳನೇ ಸ್ಲೈಡ್ ನೋಡಿ. ಗ್ರಾಹಕರ ದೂರಿಗೆ ಒಂದೇ ದಿನದಲ್ಲಿ ಉತ್ತರ ಕೊಟ್ಟ ಪ್ರಮಾಣ ಹೋದ ವರ್ಷ ಶೇ. 82, ಈ ವರ್ಷ ಶೇ. 84. ವ್ಯತ್ಯಾಸ ಕಾಣಲಿ ಎಂದು ಗ್ರಾಫಿನ ಅಳತೆಯನ್ನು ಸೊನ್ನೆಯ ಬದಲು 80ರಿಂದ ಶುರು ಮಾಡಿದ್ದೆವು. ಹಾಗಾಗಿ ಎರಡನೇ ಕಂಬ ಮೊದಲನೆಯದರ ಎರಡರಷ್ಟು ಎತ್ತರ ಕಾಣುತ್ತದೆ. ನಿಮ್ಮವರು ಕಂಬಗಳನ್ನಷ್ಟೇ ನೋಡಿ, ಅಂಕಿ ಓದದೆ, 'ಈ ವರ್ಷ ದುಪ್ಪಟ್ಟಾಗಿದೆ!' ಎಂದಿದ್ದಾರೆ. ಇನ್ನೊಬ್ಬರು 'ಅಬ್ಬಾ, ಸೂಪರ್!' ಎಂದಿದ್ದಾರೆ. ನಿಜವಾಗಿ ಏರಿದ್ದು ಬರೀ ಎರಡು ಅಂಶ.

ಗ್ರಾಫನ್ನು ಹಾಗೆ ಬರೆದದ್ದು ನಮ್ಮದೇ ತಪ್ಪು ಎನ್ನಬಹುದು, ಒಪ್ಪುತ್ತೇನೆ. ಆದರೆ ಅಳತೆ 80ರಿಂದ ಶುರುವಾಗುತ್ತದೆ ಎಂಬ ಮಾತು ಸ್ಪೀಕರ್ ನೋಟ್ಸ್‌ನಲ್ಲಿ ಸ್ಪಷ್ಟವಾಗಿತ್ತು. ನಾನು ನೋಟ್ಸ್ ಇರುವ ಮೂಲ ಫೈಲನ್ನೇ ಕೊಟ್ಟಿದ್ದೆ. ನೀವು ಅದನ್ನು ಪಿಡಿಎಫ್ ಮಾಡಿಕೊಂಡು ಸ್ಕ್ರಿಪ್ಟ್ ಬರೆದಿರಬೇಕು ಎಂದು ನನ್ನ ಅನುಮಾನ. ಬರೀ ಸ್ಲೈಡ್‌ಗಳನ್ನು ಪಿಡಿಎಫ್ ಮಾಡಿದರೆ ನೋಟ್ಸ್ ಬಿಟ್ಟುಹೋಗುತ್ತದೆ. ನೋಟ್ಸ್‌ನಲ್ಲಿದ್ದ ಒಂದೇ ಒಂದು ವಿಷಯವೂ ಆಡಿಯೊದಲ್ಲಿ ಬಂದಿಲ್ಲ.

ಇನ್ನೂ ಬೇಜಾರಾಗಿದ್ದು ಎರಡನೇ ದನಿಯ ವಿಷಯಕ್ಕೆ. ಇಬ್ಬರು ಯಾಕೆ ಬೇಕು ಹೇಳಿ? ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳುಗರ ಪರವಾಗಿ ತಡೆದು ಕೇಳಲಿ ಅಂತ ಅಲ್ವಾ? 'ದುಪ್ಪಟ್ಟು ಅಂದ್ರೆ ಎಷ್ಟರಿಂದ ಎಷ್ಟಕ್ಕೆ?' ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು, ಸ್ಕ್ರಿಪ್ಟ್ ಬರೆಯುವಾಗಲೇ ತಪ್ಪು ಸಿಕ್ಕಿಬೀಳುತ್ತಿತ್ತು. ಅದರ ಬದಲು ಆ ದನಿ ಇಡೀ ಹೊತ್ತು 'ಹೌದಾ', 'ವಾವ್' ಎನ್ನುತ್ತಾ ಸುಮ್ನೆ ತಲೆಯಾಡಿಸಿದೆ. ಹಾಗೆ ಮಾಡಿದರೆ ಸ್ಲೈಡ್‌ನ ಸಾಲುಗಳನ್ನು ಇಬ್ಬರು ಹಂಚಿಕೊಂಡು ಓದಿದಂತೆ ಆಗುತ್ತದೆ, ಮಾತುಕತೆ ಆಗುವುದಿಲ್ಲ. ಒಂದು ಕಡೆ 'ಇಲ್ಲಿ ನೀಲಿ ಗೆರೆ ನೋಡಿ' ಅಂತಲೂ ಇದೆ. ಕಿವಿಯಲ್ಲಿ ಕೇಳುವವರು ಎಲ್ಲಿ ನೋಡಬೇಕೋ! ಕೊನೆಯ ಧನ್ಯವಾದದ ಸ್ಲೈಡಿಗೂ ಅರ್ಧ ನಿಮಿಷ ಹೋಗಿದೆ.

ದಯವಿಟ್ಟು ನೋಟ್ಸ್ ಓದಿ ಸ್ಕ್ರಿಪ್ಟನ್ನು ಹೊಸದಾಗಿ ಬರೆಯಿರಿ. ಎಲ್ಲ ಸ್ಲೈಡ್ ಬೇಡ, 4, 7 ಮತ್ತು 12ನೇದರ ಮೇಲೆ ಜಾಸ್ತಿ ಹೊತ್ತು ಇರಲಿ. ರೆಕಾರ್ಡ್ ಮಾಡುವ ಮೊದಲು ಸ್ಕ್ರಿಪ್ಟ್ ನನಗೆ ಕಳಿಸಿ, ಅಂಕಿಗಳನ್ನು ನಾನೇ ನೋಡಿಕೊಡುತ್ತೇನೆ. ಇದಕ್ಕೆ ಬೇರೆ ಹಣ ಕೇಳಬಾರದು. ಒಂದು ವಾರದಲ್ಲಿ ಆಗುವುದಿಲ್ಲ ಎಂದರೆ ಕೊಟ್ಟ ಹಣ ವಾಪಸ್ ಮಾಡಿ.

ಇಂತಿ,
ನಿಮ್ಮ ಗ್ರಾಹಕ