‘ಇರಲಿ’ ಅಂತ ಸೇರಿಸಿದ ಊಟ

ನಮ್ಮ ಸಂಘದ ಹೋದ ಸಲದ ಕೂಟ ಮುಗಿದು ಎಲ್ಲರೂ ಹೊರಟ ಮೇಲೆ ಅಡುಗೆಮನೆಯಲ್ಲಿ ಉಳಿದವರು ನಾವು ಆರು ಜನ. ಎದುರಿಗೆ ನಾಲ್ಕು ದೊಡ್ಡ ಪಾತ್ರೆಗಳಲ್ಲಿ ಯಾರೂ ಮುಟ್ಟದ ಅಡುಗೆ. “ಜನ ತಟ್ಟೇಲಿ ಬಿಡ್ತಾರೆ, ಅದಕ್ಕೇ ಇಷ್ಟು ಹಾಳು” ಅಂದರು ಒಬ್ಬರು. ಆದರೆ ತಟ್ಟೆಯಲ್ಲಿ ಬಿಟ್ಟದ್ದು ಅಲ್ಲೇ ಪಕ್ಕದಲ್ಲಿತ್ತು. ಎಲ್ಲ ಸೇರಿ ಒಂದು ಬಕೆಟ್ಟು, ಅಷ್ಟೇ. ಉಳಿದದ್ದು ಪಾತ್ರೆಯಲ್ಲಿ, ತಟ್ಟೆಯಲ್ಲಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಫಾರಂನಲ್ಲಿ ಬಂದ ಹೆಸರು 280. ಕೊನೇ ಗಳಿಗೆಯಲ್ಲಿ ಬರುವವರಿಗೆ ಇರಲಿ ಅಂತ ನಾವು 300 ಮಾಡಿದೆವು. ಅಡುಗೆಯವರು ಕಡಿಮೆ ಬೀಳಬಾರದು ಅಂತ ಇನ್ನೂ 30 ಸೇರಿಸಿ 330 ಊಟಕ್ಕೆ ಅಕ್ಕಿ ಅಳೆದರು. ಬಂದವರು 250. ಅದರಲ್ಲಿ 50 ಮಕ್ಕಳು, ಇಬ್ಬರು ಸೇರಿ ಒಂದು ಊಟ ತಿನ್ನುವವರು. ಅಂದರೆ ನಿಜಕ್ಕೂ ಬೇಕಾಗಿದ್ದದ್ದು 225 ಊಟ. ಮಿಕ್ಕಿದ್ದು 105! ಯಾರದೂ ದೊಡ್ಡ ತಪ್ಪಲ್ಲ. ಒಬ್ಬರು ಆಗಲೇ ‘ಇರಲಿ’ ಅಂದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೇ.

ಆದ್ದರಿಂದ ಮುಂದಿನ ಸಲ ‘ಇರಲಿ’ ಅನ್ನುವ ಹಕ್ಕು ಒಬ್ಬರಿಗೆ ಮಾತ್ರ. ಫಾರಂನಲ್ಲಿ ಮಕ್ಕಳ ಸಂಖ್ಯೆ ಬೇರೆ ಕೇಳುತ್ತೇವೆ. ಅಡುಗೆಯವರಿಗೆ ಮಕ್ಕಳನ್ನು ಅರ್ಧ ಹಿಡಿದ ಲೆಕ್ಕವನ್ನೇ ಕೊಟ್ಟು, “ನಾವು ಆಗಲೇ ಸೇರಿಸಿದ್ದೇವೆ, ನೀವು ಸೇರಿಸಬೇಡಿ” ಅಂತ ಹೇಳುತ್ತೇವೆ. ಅನ್ನವನ್ನು ಎರಡು ಕಂತಿನಲ್ಲಿ ಮಾಡಿಸುತ್ತೇವೆ. ಮುಕ್ಕಾಲು ಪಾಲು ಮೊದಲೇ, ಉಳಿದ ಕಾಲು ಪಾಲು ಸಾಲು ಎಷ್ಟು ಉದ್ದ ಇದೆ ಅಂತ ನೋಡಿಕೊಂಡು. ಅಳೆದಿಟ್ಟ ಅಕ್ಕಿ ಬೇಯಲು ಹೆಚ್ಚು ಹೊತ್ತು ಬೇಕಿಲ್ಲ. ಬೇಯಿಸದೇ ಉಳಿದರೆ ಮಾತ್ರ ಅದು ಮುಂದಿನ ತಿಂಗಳಿಗೂ ಅಕ್ಕಿಯೇ.

ಇಷ್ಟಾದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಅವತ್ತು ನಾವು ಎಡವಿದ್ದು ಇಲ್ಲೇ. ಪಾತ್ರೆಗಳಿಗೆ ಮುಚ್ಚಳ ಹಾಕಿ, “ಬೆಳಿಗ್ಗೆ ಯಾರಿಗಾದರೂ ಕೊಡೋಣ” ಅಂತ ಹಾಗೇ ಬಿಟ್ಟು ಹೋದೆವು. ಬೆಳಿಗ್ಗೆ ಕೈ ಹಾಕಿದರೆ ಪಾತ್ರೆಯ ನಡುವೆ ಅನ್ನ ಇನ್ನೂ ಬೆಚ್ಚಗಿತ್ತು. ವಾಸನೆ ಏನೂ ಇರಲಿಲ್ಲ. ಆದರೂ ಎಲ್ಲ ಚೆಲ್ಲಬೇಕಾಯಿತು. ಅನ್ನದಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ.

ಹಾಗಾಗಿ ಕೊನೇ ಪಂಕ್ತಿ ಮುಗಿಯುವ ತನಕ ಕಾಯಬಾರದು. ಬಡಿಸುವ ಜಾಗಕ್ಕೆ ಹೋಗದೆ ಅಡುಗೆಮನೆಯಲ್ಲೇ ಬಿಸಿಯಾಗಿರುವ ಅಡುಗೆಯನ್ನು ಅಗಲವಾದ ಟ್ರೇಗಳಿಗೆ ಹರಡಬೇಕು. ಐದು ಸೆಂಟಿಮೀಟರಿಗಿಂತ ದಪ್ಪ ಇರಬಾರದು. ಟ್ರೇ ಕೆಳಗೆ ಐಸು, ಮುಚ್ಚಳ ಪೂರ್ತಿ ಹಾಕದೆ ಸ್ವಲ್ಪ ತೆರೆದು. 60 ಡಿಗ್ರಿ ಸೆಲ್ಸಿಯಸ್‌ನಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ಕಡ್ಡಿಯಂಥ ಅಡುಗೆ ಥರ್ಮಾಮೀಟರನ್ನು ಟ್ರೇಯ ನಡುವೆ ಚುಚ್ಚಿದರೆ ಗೊತ್ತಾಗುತ್ತದೆ. ಸಂಘಕ್ಕೆ ಒಂದು ಕೊಂಡಿದ್ದೇವೆ. ಬಿಸಿ ಇಲ್ಲದೆ ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಕೂತದ್ದನ್ನು ಮಾತ್ರ ಯಾರಿಗೂ ಕೊಡುವ ಹಾಗಿಲ್ಲ, ಅದು ಗೊಬ್ಬರಕ್ಕೆ. ಹಸಿದವರಿಗೆ ಊಟ ಹಂಚುವವರು ಕೂಡ ಬಡಿಸುವ ಮೇಜಿಗೆ ಹೋಗಿ ಬಂದದ್ದನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅವರಿಗೆ ಫೋನ್ ಮಾಡಬೇಕಾದದ್ದು ಹಿಂದಿನ ವಾರ, ರಾತ್ರಿ ಹನ್ನೊಂದಕ್ಕಲ್ಲ.

ಕೊಳೆಯುವ ತಟ್ಟೆ, ಲೋಟ ತಂದರೆ ಆಗದೇ ಅಂತ ಕೇಳಿದವರಿಗೆ ಒಂದು ಮಾತು. ‘ಕೊಳೆಯುವ ಪ್ಲಾಸ್ಟಿಕ್’ ಅಂತ ಮಾರುವ ಲೋಟ, ಚಮಚಗಳು ಹೆಚ್ಚಾಗಿ ಪಿಎಲ್‌ಎ ಅನ್ನುವ, ಗಿಡಗಳಿಂದ ಮಾಡಿದ ಪ್ಲಾಸ್ಟಿಕ್ಕಿನವು. ಅವು ಕೊಳೆಯಲು 60 ಡಿಗ್ರಿ ಹತ್ತಿರದ ಬಿಸಿ ಬೇಕು. ದೊಡ್ಡ ಗೊಬ್ಬರ ಘಟಕದಲ್ಲಿ ಅದು ಸಿಗುತ್ತದೆ, ನಮ್ಮ ಹಿತ್ತಲಿನ ಗುಂಡಿಯಲ್ಲಿ ಸಿಗುವುದಿಲ್ಲ. ನಿಮ್ಮ ಊರಿನ ಘಟಕ ಅದನ್ನು ತೆಗೆದುಕೊಳ್ಳದಿದ್ದರೆ ಜಾಸ್ತಿ ದುಡ್ಡು ಕೊಟ್ಟದ್ದೂ ಸುಮ್ನೆ. ಅದಕ್ಕಿಂತ ಬಾಡಿಗೆಗೆ ತಂದು ತೊಳೆದು ಹಿಂದಿರುಗಿಸುವ ತಟ್ಟೆ ವಾಸಿ. ತೊಳೆಯುವವರು ಯಾರು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು, ಇಲ್ಲದಿದ್ದರೆ ಜಗಳ ಗ್ಯಾರಂಟಿ.

ಅಲಂಕಾರದಲ್ಲಿ ನಾವು ಕೈಬಿಟ್ಟದ್ದು ಎರಡೇ. ಹೂ ಚುಚ್ಚುವ ಹಸಿರು ಸ್ಪಂಜು, ಅದು ಪುಡಿಯಾಗುವ ಪ್ಲಾಸ್ಟಿಕ್ಕೇ. ಇನ್ನೊಂದು, ಬ್ಯಾನರಿನ ಮೇಲಿನ ಇಸವಿ. ಇಸವಿ ಇಲ್ಲದ ಬ್ಯಾನರು ಮುಂದಿನ ಸಲಕ್ಕೂ ಆಗುತ್ತದೆ, ಈಗ ನನ್ನ ಗ್ಯಾರೇಜಿನಲ್ಲಿದೆ.

ಮುಂದಿನ ಕೂಟದ ಫಾರಂ ಕೊನೇ ಪುಟದಲ್ಲಿದೆ. ಮಕ್ಕಳ ಸಂಖ್ಯೆಗೆ ಬೇರೆ ಚೌಕ ಮಾಡಿದ್ದೇವೆ, ನಿಜವಾಗಿ ಬರುವವರಷ್ಟೇ ಬರೆಯಿರಿ. ಉಳಿದದ್ದನ್ನು ಒಯ್ಯಲು ಬರುವಾಗ ಒಂದು ಮುಚ್ಚಳದ ಡಬ್ಬಿ ತನ್ನಿ. ಮತ್ತೆ, ಟ್ರೇ ಹರಡಲು ಊಟದ ನಡುವೆ ಎದ್ದು ಬರುವ ಇಬ್ಬರು ಬೇಕು, ಹೆಸರು ಕೊಡಿ.