ಇಡ್ಲಿ ಹಿಟ್ಟು ಮತ್ತು ಚಳಿ

ಕಲಬುರಗಿಯಲ್ಲಿ ಮೇ ತಿಂಗಳು ರಾತ್ರಿ ಒಂಬತ್ತಕ್ಕೆ ರುಬ್ಬಿಟ್ಟ ಹಿಟ್ಟು ನಸುಕಿನಲ್ಲೇ ಪಾತ್ರೆಯ ಮುಚ್ಚಳ ಎತ್ತಿರುತ್ತದೆ. ಅದೇ ಉದ್ದು, ಅದೇ ಇಡ್ಲಿ ರವಾ, ಅದೇ ಅಳತೆ. ಆದರೆ ಡಿಸೆಂಬರಿನಲ್ಲಿ ಬೀದರಿನ ಅಡುಗೆಮನೆಯಲ್ಲೂ, ರಾತ್ರಿ ಹೀಟರ್ ತಗ್ಗಿಸಿದ ಚಳಿ ದೇಶದ ನಮ್ಮ ಮನೆಗಳಲ್ಲೂ ಬೆಳಿಗ್ಗೆ ನೋಡಿದರೆ ಹಿಟ್ಟು ಇಟ್ಟ ಹಾಗೇ ಇರುತ್ತದೆ. ಕೈಗುಣ, ಉಪ್ಪು, ನೀರು ಎಂದು ಏನೇನೋ ಕಾರಣ ಹೇಳುತ್ತೇವೆ. ಹೆಚ್ಚಿನ ಸಲ ಕಾರಣ ಹಿಟ್ಟಿನ ಬಿಸಿ ಒಂದೇ.

ಉದ್ದಿನಬೇಳೆಯ ಮೇಲೆ ಮೊದಲಿನಿಂದಲೇ ಇರುವ ಬ್ಯಾಕ್ಟೀರಿಯಾಗಳು ಹಿಟ್ಟಿನ ಸಕ್ಕರೆ ತಿಂದು ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ. ಉಬ್ಬಿಸುವ ಕೆಲಸದಲ್ಲಿ ಮುಖ್ಯವಾದುದು ಲ್ಯೂಕೊನೊಸ್ಟಾಕ್ ಎಂಬುದು. ಇಂಗಾಲದ ಡೈಆಕ್ಸೈಡ್ ಬಿಡುವುದು ಅದೇ. ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ ಮತ್ತು ಪ್ರೋಟೀನು. ಲ್ಯೂಕೊನೊಸ್ಟಾಕ್‌ಗೆ 28ರಿಂದ 32 ಡಿಗ್ರಿ ಸೆಲ್ಸಿಯಸ್ ಹಿತ. ಅಲ್ಲಿ ಎಂಟು ತಾಸಿಗೆ ಆಗುವ ಕೆಲಸ 20 ಡಿಗ್ರಿಯಲ್ಲಿ ಎರಡು ಪಟ್ಟು ಹೊತ್ತು ಕೇಳುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. 40 ದಾಟಿದರೆ ತೊಂದರೆ ಬೇರೆ ಥರದ್ದು: ಗಾಳಿ ಬಿಡದೆ ಹುಳಿ ಮಾತ್ರ ಮಾಡುವ ಬ್ಯಾಕ್ಟೀರಿಯಾಗಳ ಕೈ ಮೇಲಾಗುತ್ತದೆ. ಹಿಟ್ಟು ಉಬ್ಬದೆಯೇ ಹುಳಿಯಾಗುತ್ತದೆ.

ನಾವು ಎಡವುವುದು ಇಲ್ಲಿ. ತಣ್ಣಗೆ ರುಬ್ಬಿದ ಹಿಟ್ಟನ್ನು ಬೆಚ್ಚನೆಯ ಜಾಗದಲ್ಲಿಟ್ಟರೆ ಸಾಕು ಎಂದುಕೊಳ್ಳುತ್ತೇವೆ. ದಪ್ಪ ಹಿಟ್ಟಿನೊಳಗೆ ಬಿಸಿ ಬಹಳ ನಿಧಾನವಾಗಿ ಇಳಿಯುತ್ತದೆ. 18 ಡಿಗ್ರಿಯ ಹಿಟ್ಟನ್ನು ದೊಡ್ಡ ಪಾತ್ರೆಯಲ್ಲಿ ತುಂಬಿ ಓವನ್‌ನಲ್ಲಿಟ್ಟರೆ ಅಂಚು ಬೆಚ್ಚಗಾದರೂ ನಡುವಿನ ಹಿಟ್ಟು ತಾಸುಗಟ್ಟಲೆ ತಣ್ಣಗೇ ಉಳಿಯುತ್ತದೆ. ಅವಸರಕ್ಕೆ ಓವನ್ ಉರಿಸಿದರೆ ಅಂಚು ಬೆಂದು ಗಟ್ಟಿಯಾಗುತ್ತದೆ. ಹಾಗಾಗಿ ಮುಚ್ಚಳ ಹಾಕುವ ಹೊತ್ತಿಗೇ ಹಿಟ್ಟು 30 ಡಿಗ್ರಿ ಇರಬೇಕು.

ಒಂದು ಬಟ್ಟಲು ಉದ್ದಿನಬೇಳೆ, ಎರಡು ಬಟ್ಟಲು ಇಡ್ಲಿ ರವಾ ಎಂದಿಟ್ಟುಕೊಳ್ಳಿ. ಎರಡನ್ನೂ ಬೇರೆ ಬೇರೆ ನಾಲ್ಕು ತಾಸು ನೆನೆಸಿ. ಕೊನೆಯ ಅರ್ಧ ತಾಸು ಆ ನೀರು ಬಸಿದು, 40 ಡಿಗ್ರಿಯ ಉಗುರುಬೆಚ್ಚಗಿನ ನೀರು ಹಾಕಿ. ಕಾಳಿನೊಳಗೂ ಬಿಸಿ ಇಳಿಯುವುದು ಇದರಿಂದಲೇ. ಬೇಳೆಯನ್ನು ಬೆಚ್ಚನೆಯ ನೀರನ್ನೇ ಸ್ವಲ್ಪ ಸ್ವಲ್ಪ ಹಾಕುತ್ತ ನುಣ್ಣಗೆ, ಹಗುರವಾಗುವವರೆಗೆ ರುಬ್ಬಿ, ಹಿಂಡಿದ ರವಾ ಕಲಸಿ. ಮಿಕ್ಸರ್‌ನ ಬಿಸಿ ಚಳಿಗಾಲದಲ್ಲಿ ಸಹಾಯ. ಕಲಬುರಗಿ ಬೇಸಿಗೆಯಲ್ಲಿ ಮಾತ್ರ ಅದೇ ಶತ್ರು, ಅಲ್ಲಿ ಐಸ್ ನೀರು ಹಾಕಿ ರುಬ್ಬಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳು ಅದ್ದಿ ನೋಡಿ: ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು.

ಆಮೇಲೆ ಆ ಬಿಸಿ ಆರದಂತೆ ಕಾಯುವುದಷ್ಟೇ ಉಳಿಯುತ್ತದೆ. ಪಾತ್ರೆಗೆ ದಪ್ಪ ಟವೆಲ್ ಸುತ್ತಿ, ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ಇಡಿ. ಕೆಲವು ಓವನ್‌ಗಳ ದೀಪವೇ 40ರ ಹತ್ತಿರ ಕಾಯಿಸುತ್ತದೆ. ಮೊದಲ ಸಲ ಒಂದು ಲೋಟ ನೀರಿಟ್ಟು ಕೆಲವು ತಾಸಿನ ಮೇಲೆ ಅಳೆದು ನೋಡುವುದು ಒಳ್ಳೆಯದು. ಹತ್ತು ಹನ್ನೆರಡು ತಾಸಿಗೆ ಹಿಟ್ಟು ಸುಮಾರು ಎರಡು ಪಟ್ಟಾಗಬೇಕು. ಚಳಿಯಲ್ಲಿ ಉಪ್ಪನ್ನು ಉಬ್ಬಿದ ಮೇಲೆ ಹಾಕಿ. ಬೇಸಿಗೆಯಲ್ಲಿ ಮೊದಲೇ ಹಾಕಿದರೆ ಹುಳಿಯ ಓಟ ಸ್ವಲ್ಪ ತಗ್ಗುತ್ತದೆ.

ಬೆಳಿಗ್ಗೆ ಉಬ್ಬಿಲ್ಲವೆಂದರೆ ಮೊದಲು ಮೂಸಿ ನೋಡಿ. ಹುಳಿ ವಾಸನೆ ಇಲ್ಲ, ಗುಳ್ಳೆಯೂ ಇಲ್ಲ ಎಂದರೆ ಚಳಿಯೇ ಕಾರಣ. ಹಿಟ್ಟು ಕೆಟ್ಟಿಲ್ಲ. ಪಾತ್ರೆಯನ್ನು ಬೆಚ್ಚನೆಯ ನೀರಿನ ತಟ್ಟೆಯಲ್ಲಿಟ್ಟು, ಆಗಾಗ ಕೈಯಾಡಿಸಿ, ಇನ್ನೂ ನಾಲ್ಕೈದು ತಾಸು ಕೊಡಿ. ಹುಳಿ ವಾಸನೆ ಬಂದಿದೆ, ಆದರೂ ಉಬ್ಬಿಲ್ಲ ಎಂದರೆ ಬಿಸಿ ಅತಿಯಾಗಿದೆ, ಅಥವಾ ಹಿಟ್ಟು ನೀರಾಗಿದೆ, ಅಥವಾ ಉದ್ದು ಹಳೆಯದಾಗಿ ಗಾಳಿ ಹಿಡಿಯುತ್ತಿಲ್ಲ. ಇಂಥ ಹಿಟ್ಟನ್ನು ಎಷ್ಟು ಕಾದರೂ ಉಬ್ಬುವುದಿಲ್ಲ, ಹುಳಿ ಮಾತ್ರ ಹೆಚ್ಚುತ್ತದೆ. ಪಾತ್ರೆಯ ಗೋಡೆಗೆ ಹಿಟ್ಟು ಏರಿದ ಗುರುತಿದ್ದು ಈಗ ಕುಸಿದಿದ್ದರೆ ಹೊತ್ತು ಮೀರಿದೆ ಎಂದರ್ಥ, ಬೇಸಿಗೆಯಲ್ಲಿ ಆಗುವುದು ಇದೇ. ಹಿಟ್ಟಿನ ಹನಿ ನೀರಿನಲ್ಲಿ ತೇಲುತ್ತದೆಯೇ ಎಂಬ ಪರೀಕ್ಷೆಯನ್ನು ನಂಬಬೇಡಿ. ಚೆನ್ನಾಗಿ ರುಬ್ಬಿದ ಉದ್ದು ಹುದುಗುವ ಮೊದಲೇ ತೇಲುತ್ತದೆ.

ಇಡ್ಲಿಗೆ ಬೇಕಾದಷ್ಟು ಗಾಳಿ ದೋಸೆಗೆ ಬೇಡ. ಅರ್ಧ ಉಬ್ಬಿದ ಹಿಟ್ಟಿಗೆ ಸ್ವಲ್ಪ ನೀರು ಸೇರಿಸಿ ತೆಳ್ಳಗೆ ದೋಸೆ ಹೊಯ್ಯಬಹುದು. ಹುಳಿ ಹೆಚ್ಚಾದುದಕ್ಕೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು ಮಾಡಿದರೆ ಹಿಟ್ಟು ದಂಡವಾಗುವುದಿಲ್ಲ.